ಸದಸ್ಯರ ಪಟ್ಟಿಯಲ್ಲಿ ಕನ್ನಡ ಹೆಸರುಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು: ಮರಳಿ ಪಡೆಯಬಹುದೇ?

ಗಂಗಾವತಿ ಗುಮಾಸ್ತ

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿ ತಾಲ್ಲೂಕಿನ ಒಂದು ಸಹಕಾರ ಸಂಘದಲ್ಲಿ ಗುಮಾಸ್ತನಾಗಿದ್ದೇನೆ. ಸಂಘದ ಸಾಫ್ಟ್‌ವೇರ್‌ನಿಂದ ಸದಸ್ಯರ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಇಳಿಸಿಕೊಂಡು, ಅದಕ್ಕೆ ಬೆಳೆಸಾಲದ ಮೊತ್ತವನ್ನು ಸೇರಿಸಿ ಮೇಲಿನ ಕಚೇರಿಗೆ ಕಳುಹಿಸುವುದು ನಮ್ಮ ಪದ್ಧತಿ. ಈ ಸಲ ಒಂದೇ ಪಟ್ಟಿ ಮೂರು ಕಡೆ ಮೂರು ರೂಪದಲ್ಲಿ ಕಾಣಿಸುತ್ತಿದೆ.

ನನ್ನ ಕಂಪ್ಯೂಟರಿನಲ್ಲಿ ಕಡತದ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ, ಊರಿನ ಕಾಲಮ್ಮಿನಲ್ಲಿ ಗಂಗಾವತಿ ಎಂದು ಇರಬೇಕಾದಲ್ಲಿ `à²—à²‚à²—à²¾à²µà²¤à²¿` ಎಂದು ಬರುತ್ತದೆ. ನಮ್ಮ ಸಹೋದ್ಯೋಗಿಯೊಬ್ಬರು ಅದೇ ಕಡತವನ್ನು ಬೇರೆ ವಿಧಾನದಲ್ಲಿ ತೆರೆದಾಗ ಶುದ್ಧ ಕನ್ನಡವೇ ಕಾಣಿಸಿತಂತೆ. ಅವರು ಸಾಲದ ಮೊತ್ತಗಳನ್ನೆಲ್ಲ ತುಂಬಿ, ಮತ್ತೆ ಸಿಎಸ್‌ವಿಯಾಗಿ ಉಳಿಸಿ ಮುಚ್ಚಿದರು. ಮರುದಿನ ತೆರೆದರೆ ಹೆಸರು, ಊರು ಎಲ್ಲವೂ `???????` ಆಗಿದ್ದವು. ಇನ್ನು ನಮ್ಮ ಗೋದಾಮಿನಲ್ಲಿ ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಯಂತ್ರವೊಂದಿದ್ದು, ಅದರಲ್ಲಿ ಹೋದ ವರ್ಷದ ಪಟ್ಟಿ ಕೂಡ ಬರೀ ಚೌಕಗಳಾಗಿ ಕಾಣುತ್ತದೆ. ಇದು ಒಂದೇ ತೊಂದರೆಯೋ ಅಥವಾ ಮೂರು ಬೇರೆ ಬೇರೆಯೋ ತಿಳಿಯುತ್ತಿಲ್ಲ. ಹೆಸರುಗಳನ್ನು ಮರಳಿ ಪಡೆಯುವ ದಾರಿ ಇದ್ದರೆ ದಯವಿಟ್ಟು ತಿಳಿಸಿ.

ಸಿಂಧನೂರು ಸೈಬರ್

ಸರ್, ಇದು ಫಾಂಟಿನ ಸಮಸ್ಯೆ. ನಮ್ಮ ಅಂಗಡಿಗೆ ಇಂಥವು ದಿನಕ್ಕೊಂದು ಬರುತ್ತವೆ. ಕನ್ನಡ ಫಾಂಟ್ ಹಾಕಿಸಿ, ಯಂತ್ರವನ್ನು ಒಮ್ಮೆ ಮುಚ್ಚಿ ತೆರೆಯಿರಿ, ಎಲ್ಲವೂ ಸರಿಹೋಗುತ್ತದೆ.

ಕೃಷ್ಣಾತೀರ, ರಾಯಚೂರು

ಮೇಲಿನವರ ಮಾತು ಗೋದಾಮಿನ ಯಂತ್ರದ ಮಟ್ಟಿಗೆ ಮಾತ್ರ ಸರಿ. ಚೌಕ ಕಂಡಿತೆಂದರೆ ಅಕ್ಷರದ ಸಂಕೇತ ಯಂತ್ರಕ್ಕೆ ಸರಿಯಾಗಿಯೇ ತಲುಪಿದೆ, ಆದರೆ ಅದನ್ನು ಬಿಡಿಸಿ ತೋರಿಸಲು ಬೇಕಾದ ಆಕೃತಿ ಆ ಯಂತ್ರದ ಯಾವ ಫಾಂಟಿನಲ್ಲಿಯೂ ಸಿಗುತ್ತಿಲ್ಲ ಎಂದು ಅರ್ಥ. ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟ್ ಇದ್ದರೂ, ಕಂಟ್ರೋಲ್ ಪ್ಯಾನೆಲ್‌ನ ಭಾಷಾ ವಿಭಾಗದಲ್ಲಿ ಸಂಕೀರ್ಣ ಲಿಪಿಗಳ ಬೆಂಬಲಕ್ಕೆ ಗುರುತು ಹಾಕಿ ಕಡತಗಳನ್ನು ಸೇರಿಸದ ಹೊರತು ಅದು ಕೆಲಸಕ್ಕೆ ಬರುವುದಿಲ್ಲ. ಪರೀಕ್ಷೆ ಸುಲಭವಾಗಿದೆ: ಆ ಚೌಕಗಳನ್ನು ನಕಲು ಮಾಡಿ, ಮಿಂಚಂಚೆಯಲ್ಲಿ ನಿಮಗೇ ಕಳುಹಿಸಿಕೊಂಡು, ಮೊಬೈಲಿನಲ್ಲಿ ತೆರೆದು ನೋಡಿ. ಅಲ್ಲಿ ಕನ್ನಡ ಕಂಡರೆ ಮಾಹಿತಿಗೆ ಏನೂ ಆಗಿಲ್ಲ.

ಉಳಿದ ಎರಡಕ್ಕೂ ಫಾಂಟಿಗೂ ಸಂಬಂಧವೇ ಇಲ್ಲ. ನಿಮ್ಮ ಸಾಫ್ಟ್‌ವೇರ್ ಕೊಟ್ಟ ಕಡತ ಯುಟಿಎಫ್-8 ಸಂಕೇತದಲ್ಲಿದೆ. ಅದರಲ್ಲಿ ಪ್ರತಿಯೊಂದು ಕನ್ನಡ ಸಂಕೇತವೂ ಮೂರು ಬೈಟುಗಳಾಗಿ ಕೂತಿರುತ್ತದೆ, ಮತ್ತು ಆ ಮೂರರಲ್ಲಿ ಮೊದಲನೆಯದು ಯಾವಾಗಲೂ `E0`, ಎರಡನೆಯದು `B2` ಇಲ್ಲವೇ `B3`. ಗಂಗಾವತಿ ಎಂಬ ಹೆಸರು ಕಡತದೊಳಗೆ ಹೀಗಿರುತ್ತದೆ:

```
E0 B2 97 E0 B2 82 E0 B2 97 E0 B2 BE
E0 B2 B5 E0 B2 A4 E0 B2 BF
```

ಕಡತ ಯುಟಿಎಫ್-8 ಎಂದು ಸಾರುವ `EF BB BF` ಎಂಬ ಗುರುತು ಅದರ ಮೊದಲಲ್ಲಿ ಇಲ್ಲದಿದ್ದರೆ, ಎರಡು ಬಾರಿ ಕ್ಲಿಕ್ ಮಾಡಿದಾಗ ಎಕ್ಸೆಲ್ ಅದನ್ನು ವಿಂಡೋಸಿನ ಹಳೆಯ ಸಂಕೇತ ಪಟ್ಟಿಯ ಪ್ರಕಾರ ಓದುತ್ತದೆ. ನಮ್ಮಲ್ಲಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಆ ಪಟ್ಟಿ 1252. ಅದರಲ್ಲಿ ಒಂದು ಬೈಟಿಗೆ ಒಂದು ಅಕ್ಷರ: `E0` ಎಂದರೆ `à`, `B2` ಎಂದರೆ `²`. ನಿಮ್ಮ ಪರದೆಯ ಮೇಲೆ `à²` ಎಂಬ ಜೋಡಿ ಮತ್ತೆ ಮತ್ತೆ ಬರುತ್ತಿರುವುದು ಇದೇ ಕಾರಣಕ್ಕೆ. ಬೈಟುಗಳು ಕೆಟ್ಟಿಲ್ಲ, ಓದಿದ ಕ್ರಮ ತಪ್ಪಾಗಿದೆ.

ಪ್ರಶ್ನಾರ್ಥಕ ಚಿಹ್ನೆಯ ಕಥೆ ಇದಕ್ಕೆ ತಿರುಗಾಮುರುಗಾ. ನಿಮ್ಮ ಸಹೋದ್ಯೋಗಿಯವರು ತೆರೆದಾಗ ಎಕ್ಸೆಲ್ ಕನ್ನಡವನ್ನು ಸರಿಯಾಗಿಯೇ ಓದಿಕೊಂಡಿತ್ತು. ಉಳಿಸುವಾಗ ಅವರು `CSV (Comma delimited)` ಎಂಬುದನ್ನು ಆರಿಸಿರಬೇಕು. ಅದು ಅದೇ 1252ರ ಪಟ್ಟಿಯಲ್ಲಿ ಬರೆಯುತ್ತದೆ; ಆ ಪಟ್ಟಿಯಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಸ್ಥಾನವಿಲ್ಲದ ಪ್ರತಿಯೊಂದು ಸಂಕೇತಕ್ಕೂ ಬದಲಾಗಿ `3F` ಎಂಬ ಒಂದೇ ಬೈಟು, ಅಂದರೆ ನಿಜವಾದ ಪ್ರಶ್ನಾರ್ಥಕ ಚಿಹ್ನೆ, ಕಡತದೊಳಗೆ ಬರೆಯಲ್ಪಟ್ಟಿತು. ಈಗ ಅಲ್ಲಿರುವುದು ಇಷ್ಟೇ:

```
3F 3F 3F 3F 3F 3F 3F
```

ಇದರಿಂದ ಯಾವ ಫಾಂಟಾಗಲಿ, ಯಾವ ತಂತ್ರಾಂಶವಾಗಲಿ ಹೆಸರನ್ನು ಹೊರತೆಗೆಯಲಾರದು. ಶುದ್ಧ ಕನ್ನಡ ಕಂಡವರ ಕಡತ ಹಾಳಾಯಿತು, ಅಸಂಬದ್ಧ ಅಕ್ಷರ ಕಂಡ ನಿಮ್ಮ ಕಡತ ಇನ್ನೂ ಜೀವಂತವಾಗಿದೆ.

ಬಳ್ಳಾರಿ ಡಿಟಿಪಿ

ಉಳಿಸುವಾಗ ಎಕ್ಸೆಲ್ ಎಚ್ಚರಿಕೆ ಕೊಡುವುದಿಲ್ಲವೇ?

ಕೃಷ್ಣಾತೀರ, ರಾಯಚೂರು

ಕೆಲವು ವೈಶಿಷ್ಟ್ಯಗಳು ಕಳೆದುಹೋಗಬಹುದು ಎಂದು ಒಂದು ಸಾಮಾನ್ಯ ಸಾಲು ಬರುತ್ತದೆ. ಬಣ್ಣ, ಸೂತ್ರಗಳು ಹೋಗುತ್ತವೆ ಎಂದುಕೊಂಡು ಎಲ್ಲರೂ ಸರಿ ಎಂದು ಒತ್ತುತ್ತಾರೆ. ಹೆಸರುಗಳೇ ಹೋಗುತ್ತವೆ ಎಂದು ಅದು ಬಿಡಿಸಿ ಹೇಳುವುದಿಲ್ಲ. ಕಡತ ತೆರೆದೇ ಇರುವವರೆಗೆ ಪರದೆಯ ಮೇಲೆ ಕನ್ನಡ ಹಾಗೆಯೇ ಇರುವುದರಿಂದ ಅನುಮಾನವೂ ಬರುವುದಿಲ್ಲ.

ಕುಷ್ಟಗಿಯ ನಿವೃತ್ತ ಶಿಕ್ಷಕ

ನನ್ನ ತೊಂದರೆಯೂ ಇದೇ ಎಂದು ತೋರುತ್ತದೆ. ನಾನು ಹಿಂದೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಲೇಖನಗಳನ್ನು ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಕನ್ನಡ ಎಂಬ ಪದವು `PÀ£ÀßqÀ` ಎಂದು ಬರುತ್ತದೆ. ನೀವು ಹೇಳಿದ `à²` ಮಾತ್ರ ಎಲ್ಲಿಯೂ ಇಲ್ಲ. ಇವನ್ನು ಯುಟಿಎಫ್-8 ಎಂದು ಆರಿಸಿ ತೆರೆದರೂ ಪ್ರಯೋಜನವಾಗಲಿಲ್ಲ.

ಬಳ್ಳಾರಿ ಡಿಟಿಪಿ

ಗುರುಗಳೇ, ನಿಮ್ಮದು ಬೇರೆ ಸಂಗತಿ. ಅಲ್ಲಿ ಕಡತದೊಳಗೆ ಇರುವುದೇ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು. ನುಡಿಯ ಹಳೆಯ ಫಾಂಟ್ ಅವುಗಳಿಗೆ ಕನ್ನಡದ ಆಕೃತಿ ತೊಡಿಸಿ ತೋರಿಸುತ್ತಿತ್ತು. ಆ ಫಾಂಟನ್ನೇ ಹಾಕಿಕೊಂಡರೆ ಓದಲು ಬರುತ್ತದೆ, ಶಾಶ್ವತವಾಗಿ ಸರಿಪಡಿಸಲು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶ ಬೇಕು. ನಮ್ಮ ಪ್ರೆಸ್ಸಿಗೆ ಲಗ್ನಪತ್ರಿಕೆಯ ಹಳೆಯ ಮಾದರಿಗಳು ಇನ್ನೂ ಇದೇ ರೂಪದಲ್ಲಿ ಬರುತ್ತವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿಕೊಳ್ಳಿ.

ಸಿಂಧನೂರು ಸೈಬರ್

ಹಾಗಾದರೆ ಫಾಂಟ್ ಹಾಕಿದರೆ ಸರಿಹೋಗುತ್ತದೆ ಎಂದು ನಾನು ಹೇಳಿದ್ದು ಇಬ್ಬರ ವಿಷಯದಲ್ಲಿ ನಿಜವಾಯಿತಲ್ಲ.

ಕೃಷ್ಣಾತೀರ, ರಾಯಚೂರು

ನಿಜವಾಯಿತು, ಆದರೆ ಪ್ರಶ್ನೆ ಕೇಳಿದವರ ಪಟ್ಟಿಗೆ ಅದರಿಂದ ಏನೂ ಆಗುವುದಿಲ್ಲ. ಫಾಂಟ್ ಹುಡುಕುವ ಭರದಲ್ಲಿ ಅವರು ಹಾಳಾದ ಕಡತವನ್ನೇ ಮೂಲ ಕಡತದ ಮೇಲೆ ಇನ್ನೊಮ್ಮೆ ಉಳಿಸಿಬಿಟ್ಟರೆ ನಷ್ಟ ಅವರದು.

ಸಂಡೂರು ವಿದ್ಯಾರ್ಥಿ

ಪ್ರಶ್ನಾರ್ಥಕ ಚಿಹ್ನೆಗಳ ಸಂಖ್ಯೆ ಉಳಿದಿದೆಯಲ್ಲವೇ? ಒಂದು ಸಂಕೇತಕ್ಕೆ ಒಂದು ಚಿಹ್ನೆ ಎಂದ ಮೇಲೆ, ಎಣಿಸಿ ಊರಿನ ಹೆಸರನ್ನು ಊಹಿಸಬಹುದು. ಗಂಗಾವತಿ ಎಂದರೆ ಏಳು.

ಕೃಷ್ಣಾತೀರ, ರಾಯಚೂರು

ಎಣಿಸಿ ನೋಡಿ. ಬಳ್ಳಾರಿಯಲ್ಲಿ ಬ, ಳ, ಹಲಂತ, ಳ, ದೀರ್ಘ, ರ, ಗುಡಿಸು ಸೇರಿ ಏಳು. ರಾಯಚೂರಿಗೂ ಏಳು, ಕುಷ್ಟಗಿಗೂ ಏಳು. ಕೊಪ್ಪಳ, ಮಾನ್ವಿ, ಕಾರಟಗಿ ಮೂರಕ್ಕೂ ಆರು. ಊರಿನ ಪಟ್ಟಿ ಚಿಕ್ಕದಿದ್ದಾಗಲೇ ಹೀಗಾದರೆ, ಜನರ ಹೆಸರುಗಳಲ್ಲಿ ಊಹೆಗೆ ಅವಕಾಶವೇ ಇಲ್ಲ. ಸಾಲದ ಪಟ್ಟಿಯಲ್ಲಿ ಊಹೆಯ ಹೆಸರು ಹಾಕುವುದು ಬೇಡವೇ ಬೇಡ.

ಸಿರುಗುಪ್ಪದ ರೈತ

ನಮಗೆ ಗೊಬ್ಬರದ ಅಂಗಡಿಯಿಂದ ಬರುವ ಎಸ್‌ಎಂಎಸ್‌ನಲ್ಲಿಯೂ ಹೀಗೆಯೇ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ, ನಡುವೆ ಮೊತ್ತ ಮತ್ತು ದಿನಾಂಕ ಮಾತ್ರ ಸರಿಯಾಗಿರುತ್ತವೆ. ನನ್ನ ಮೊಬೈಲಿನಲ್ಲಿ ಕನ್ನಡ ಚೆನ್ನಾಗಿಯೇ ಬರುತ್ತದೆ. ದೋಷ ಯಾರದು ಎಂದು ಅವರನ್ನು ಕೇಳಿದರೆ ನಿಮ್ಮ ಮೊಬೈಲ್ ಬದಲಾಯಿಸಿ ಎನ್ನುತ್ತಾರೆ.

ಕೃಷ್ಣಾತೀರ, ರಾಯಚೂರು

ಅಣ್ಣಾ, ಮೊಬೈಲ್ ಬದಲಾಯಿಸಬೇಡಿ. ಅಂಕಿಗಳು ಉಳಿದು ಕನ್ನಡ ಮಾತ್ರ ಪ್ರಶ್ನಾರ್ಥಕವಾಗಿದೆ ಎಂದರೆ ಅದು ನಿಮ್ಮನ್ನು ತಲುಪುವ ಮೊದಲೇ ಕಳೆದುಹೋಗಿದೆ. ಇಂಗ್ಲಿಷ್ ಸಂದೇಶ ಒಂದಕ್ಕೆ 160 ಅಕ್ಷರ ಹಿಡಿಸುತ್ತದೆ, ಯೂನಿಕೋಡ್ ಎಂದು ಗುರುತಿಸಿ ಕಳುಹಿಸಿದ ಕನ್ನಡದ ಸಂದೇಶಕ್ಕೆ 70 ಮಾತ್ರ. ಕಳುಹಿಸುವವರು ಆ ಗುರುತನ್ನು ಹಾಕದಿದ್ದರೆ ಹೀಗಾಗುತ್ತದೆ. ಸಂದೇಶ ಕಳುಹಿಸುವ ತಂತ್ರಾಂಶದಲ್ಲಿ ಯೂನಿಕೋಡ್ ಆಯ್ಕೆಯನ್ನು ನೋಡಲು ಅಂಗಡಿಯವರಿಗೆ ತಿಳಿಸಿ.

ಗಂಗಾವತಿ ಗುಮಾಸ್ತ

ಕೃಷ್ಣಾತೀರ ಮೇಡಂ ಎಚ್ಚರಿಸಿದ ಮೇಲೆ ಸಾಫ್ಟ್‌ವೇರ್‌ನಿಂದ ಇಳಿಸಿದ ಮೂಲ ಕಡತವನ್ನು ಬೇರೆ ಫೋಲ್ಡರಿನಲ್ಲಿ ನಕಲು ಮಾಡಿಟ್ಟೆ. ಆದರೆ ಸಾಲದ ಮೊತ್ತಗಳೆಲ್ಲ ಪ್ರಶ್ನಾರ್ಥಕದ ಕಡತದಲ್ಲಿಯೇ ಇವೆ. ಅವನ್ನು ಮತ್ತೆ ಕೈಯಿಂದ ತುಂಬುವುದೆಂದರೆ ಒಂದು ವಾರದ ಕೆಲಸ. ಎರಡನ್ನೂ ಕೂಡಿಸಲು ದಾರಿಯಿದೆಯೇ?

ಕೃಷ್ಣಾತೀರ, ರಾಯಚೂರು

ಇದೆ. ಹಾಳಾದ ಕಡತದಲ್ಲಿ ಸದಸ್ಯತ್ವ ಸಂಖ್ಯೆ ಇಂಗ್ಲಿಷ್ ಅಂಕಿಗಳಲ್ಲಿ ಇದ್ದರೆ ಅದು ಉಳಿದಿರುತ್ತದೆ, ಅದೇ ನಿಮ್ಮ ಕೊಂಡಿ. ಮೊದಲು ಖಾಲಿ ಎಕ್ಸೆಲ್ ಪುಟವನ್ನು ತೆರೆದು `Data` ಪಟ್ಟಿಯಲ್ಲಿ `From Text/CSV` ಒತ್ತಿ, ಮೂಲ ಕಡತವನ್ನು ಆರಿಸಿ, `File Origin` ಎಂಬಲ್ಲಿ `65001: Unicode (UTF-8)` ಕೊಡಿ. ಕೆಳಗಿನ ಮುನ್ನೋಟದಲ್ಲಿಯೇ ಕನ್ನಡ ಕಾಣಿಸಬೇಕು, ಕಾಣಿಸದಿದ್ದರೆ ಮುಂದುವರಿಯಬೇಡಿ. ಆಮೇಲೆ `Transform Data` ಒತ್ತಿ, ಸದಸ್ಯತ್ವ ಸಂಖ್ಯೆಯ ಕಾಲಮ್ಮನ್ನು ಪಠ್ಯವೆಂದು ಗುರುತಿಸಿ, ಕೇಳಿದರೆ `Replace current` ಕೊಡಿ. ಇಲ್ಲದಿದ್ದರೆ ಎಕ್ಸೆಲ್ `00417` ಎಂಬುದನ್ನು `417` ಮಾಡುತ್ತದೆ, ಆಗ ಎರಡು ಕಡತಗಳ ಸಂಖ್ಯೆಗಳು ಒಂದಕ್ಕೊಂದು ಹೊಂದುವುದಿಲ್ಲ. ಹಾಳಾದ ಕಡತವನ್ನೂ ಇದೇ ರೀತಿ ಇನ್ನೊಂದು ಪುಟಕ್ಕೆ ತಂದು, `VLOOKUP` ಸೂತ್ರದಿಂದ ಸದಸ್ಯತ್ವ ಸಂಖ್ಯೆಯ ಮೇಲೆ ಮೊತ್ತವನ್ನು ಮಾತ್ರ ಎಳೆದುಕೊಳ್ಳಿ. ಸಹೋದ್ಯೋಗಿಯವರು ಉಳಿಸಿದಾಗಲೇ ಸೊನ್ನೆಗಳು ಹೋಗಿದ್ದರೆ, ಎರಡೂ ಕಡೆ ಸೊನ್ನೆ ತೆಗೆದು ಹೊಂದಿಸಬೇಕಾಗುತ್ತದೆ.

ಕೆಲಸದ ಪ್ರತಿಯನ್ನು `xlsx` ಆಗಿಯೇ ಇಟ್ಟುಕೊಳ್ಳಿ. ಸಿಎಸ್‌ವಿ ಕೊಡಲೇಬೇಕಾದಾಗ `CSV UTF-8 (Comma delimited)` ಆರಿಸಿ. 2016ರ ನಂತರದ ಎಕ್ಸೆಲ್‌ನಲ್ಲಿ ಅದು ಸಿಗುತ್ತದೆ, ಮತ್ತು ಕಡತದ ಮೊದಲಲ್ಲಿ ಗುರುತನ್ನೂ ಹಾಕುವುದರಿಂದ ಮುಂದಿನವರು ಎರಡು ಬಾರಿ ಕ್ಲಿಕ್ ಮಾಡಿದರೂ ಕನ್ನಡವೇ ಬರುತ್ತದೆ.

ಬಳ್ಳಾರಿ ಡಿಟಿಪಿ

ಒಂದು ಆಕ್ಷೇಪ. ಮೇಲಿನ ಕಚೇರಿಯ ತಂತ್ರಾಂಶವು ಆ ಗುರುತನ್ನು ಮೊದಲ ಕಾಲಮ್ಮಿನ ಹೆಸರಿನ ಭಾಗವೆಂದು ತಿಳಿದು ಕಡತವನ್ನು ತಿರಸ್ಕರಿಸುವುದೂ ಉಂಟು. ನಮ್ಮಲ್ಲಿ ಒಂದು ಸಲ ಹಾಗಾಗಿತ್ತು. ಅಂಥ ಕಡೆ ನೋಟ್‌ಪ್ಯಾಡಿನಲ್ಲಿ ತೆರೆದು, ಗುರುತಿಲ್ಲದ `UTF-8` ಆರಿಸಿ ಉಳಿಸಬೇಕು. ಎಕ್ಸೆಲ್‌ಗೆ ಬೇಕಾದದ್ದು ಅವರಿಗೆ ಬೇಡ, ಅವರಿಗೆ ಬೇಕಾದದ್ದು ಎಕ್ಸೆಲ್‌ಗೆ ಸಾಲದು.

ಕೃಷ್ಣಾತೀರ, ರಾಯಚೂರು

ಒಪ್ಪುತ್ತೇನೆ. ಇದಕ್ಕೆ ಎಲ್ಲ ಕಡೆ ಸಲ್ಲುವ ಉತ್ತರವಿಲ್ಲ, ಪಡೆಯುವವರನ್ನು ಕೇಳಿಯೇ ಕಳುಹಿಸಬೇಕು.

ಗಂಗಾವತಿ ಗುಮಾಸ್ತ

ಹಳೆಯ ಸದಸ್ಯರ ಹೆಸರುಗಳು ಮೊತ್ತದೊಂದಿಗೆ ಸರಿಯಾಗಿ ಕೂಡಿಕೊಂಡವು, ತುಂಬಾ ಉಪಕಾರವಾಯಿತು. ಇನ್ನೊಂದು ತೊಡಕು ಉಳಿದಿದೆ. ಈಚೆಗೆ ಸೇರಿದ ಕೆಲವು ಸದಸ್ಯರ ಹೆಸರುಗಳು ಸಾಫ್ಟ್‌ವೇರ್‌ಗೆ ಇನ್ನೂ ಏರಿಲ್ಲ. ಅವು ಒಂದು ಮಿಂಚಂಚೆಯಲ್ಲಿ ಮಾತ್ರ ಇವೆ, ಅದೂ `à²` ರೂಪದಲ್ಲಿ. ಯಾರೋ ಎಕ್ಸೆಲ್‌ನಿಂದ ನಕಲು ಮಾಡಿ ಅಂಟಿಸಿದ್ದಾರೆ.

ಸಂಡೂರು ವಿದ್ಯಾರ್ಥಿ

ಅಣ್ಣಾ, ಇದು ಪೈಥಾನ್‌ನಲ್ಲಿ ಒಂದೇ ಸಾಲಿನ ಕೆಲಸ. ತಪ್ಪಾಗಿ ಓದಿದ್ದನ್ನು ಹಿಂದಕ್ಕೆ ಬೈಟು ಮಾಡಿ, ಸರಿಯಾಗಿ ಮತ್ತೆ ಓದಿಸಿದರೆ ಮುಗಿಯಿತು.

```
s.encode("cp1252").decode("utf-8")
```

ಮೇಲೆ ನೀವು ಕೊಟ್ಟಿರುವ ಗಂಗಾವತಿಯ ಸಾಲನ್ನು ನಾನು ಹಾಕಿ ನೋಡಿದೆ, ಸರಿಯಾಗಿ ಬಂತು.

ಕೃಷ್ಣಾತೀರ, ರಾಯಚೂರು

ಗಂಗಾವತಿಗೆ ಬರುತ್ತದೆ, ಅದೇ ಸಾಲಿನಿಂದ ಕೊಪ್ಪಳಕ್ಕೂ ರಾಯಚೂರಿಗೂ ಬರುವುದಿಲ್ಲ. 1252ರ ಪಟ್ಟಿಯಲ್ಲಿ `81`, `8D`, `8F`, `90`, `9D` ಎಂಬ ಐದು ಸ್ಥಾನಗಳು ಖಾಲಿ. ಹಲಂತದ ಮೂರನೆಯ ಬೈಟು `8D`, ಕೊಂಬಿನದು `81`. ಒತ್ತಕ್ಷರವಿರುವ ಅಥವಾ ಉಕಾರವಿರುವ ಪ್ರತಿಯೊಂದು ಹೆಸರಿನಲ್ಲಿಯೂ ಇವೆರಡರಲ್ಲಿ ಒಂದು ಬಂದೇ ಬರುತ್ತದೆ. ವಿಂಡೋಸ್ ಆ ಖಾಲಿ ಸ್ಥಾನಗಳಿಗೆ ಕಣ್ಣಿಗೆ ಕಾಣದ ನಿಯಂತ್ರಣ ಸಂಕೇತವನ್ನು ಇಟ್ಟು ಸಾಗಿಸುತ್ತದೆ, ಪೈಥಾನ್ ಮಾತ್ರ ಅದನ್ನು ಒಪ್ಪದೆ ದೋಷ ತೋರಿಸುತ್ತದೆ. ಹೀಗೆ ಬರೆದರೆ ನಡೆಯುತ್ತದೆ:

```
b = b"".join(
    bytes([ord(c)]) if 0x80 <= ord(c) <= 0x9f
    else c.encode("cp1252") for c in s)
print(b.decode("utf-8", errors="replace"))
```

ಗಂಗಾವತಿ ಗುಮಾಸ್ತ

ವಿದ್ಯಾರ್ಥಿ ಮಿತ್ರರೇ ನನಗೆ ಇದನ್ನು ಓಡಿಸಿ ಕೊಟ್ಟರು. ಕೆಲವು ಹೆಸರುಗಳು ಪೂರ್ಣವಾಗಿ ಬಂದವು. ಇನ್ನು ಕೆಲವುಗಳ ನಡುವೆ ಕಪ್ಪು ವಜ್ರಾಕೃತಿಯೊಳಗೆ ಪ್ರಶ್ನಾರ್ಥಕ ಚಿಹ್ನೆ ಇದೆ, `ಮಲ�ಲಪ�ಪ` ಎಂಬಂತೆ. ಇದು ಹಿಂದಿನ ಪ್ರಶ್ನಾರ್ಥಕವೇ?

ಕೃಷ್ಣಾತೀರ, ರಾಯಚೂರು

ಅಲ್ಲ. ಇದು ಓದುವವನ ದೂರು: ಇಲ್ಲಿರುವ ಬೈಟುಗಳು ಯುಟಿಎಫ್-8ರ ನಿಯಮಕ್ಕೆ ಹೊಂದುತ್ತಿಲ್ಲ ಎಂದು. ಅಂಟಿಸುವಾಗ ಅಥವಾ ಅಂಚೆ ಸಾಗುವಾಗ ಆ ಕಾಣದ ಸಂಕೇತವನ್ನು ಯಾವುದೋ ತಂತ್ರಾಂಶ ಕಿತ್ತುಹಾಕಿದೆ, ಹಾಗಾಗಿ ಮೂರು ಬೈಟುಗಳ ಜಾಗದಲ್ಲಿ `E0 B3` ಎಂಬ ಎರಡೇ ಉಳಿದಿವೆ. ಒಳ್ಳೆಯ ಸುದ್ದಿ ಏನೆಂದರೆ, `E0 B3` ಆದ ಮೇಲೆ ಕಳೆದುಹೋದದ್ದು ಬಹುತೇಕ ಹಲಂತ ಅಥವಾ ಕೊಂಬು, ಎರಡರಲ್ಲಿ ಒಂದು. ಮೇಲಿನದು ಮಲ್ಲಪ್ಪ ಎಂದು ಕನ್ನಡ ಬಲ್ಲವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಠ ಮತ್ತು ಭ ಇರುವ ಹೆಸರುಗಳನ್ನು ಬೇರೆಯಾಗಿ ನೋಡಿ. ಠದ ಮೂರನೆಯ ಬೈಟು `A0` ಎಂಬುದು 1252ರಲ್ಲಿ ಒಂದು ಬಗೆಯ ಖಾಲಿ ಜಾಗ, ಭದ ಮೂರನೆಯದು `AD` ಎಂಬುದು ಕಾಣದ ಅಡ್ಡಗೆರೆ. ಅಂಟಿಸುವಾಗ ಮೊದಲನೆಯದು ಸಾಮಾನ್ಯ ಖಾಲಿ ಜಾಗವಾಗುವುದು, ಎರಡನೆಯದು ಮಾಯವಾಗುವುದು ಸಹಜ. ಭೀಮಪ್ಪ, ಪ್ರಭು, ವಿಠ್ಠಲ ಎಂಬ ಹೆಸರುಗಳು ಅಲ್ಲಿಯೇ ಒಡೆದಿರುತ್ತವೆ.

ಸಂಡೂರು ವಿದ್ಯಾರ್ಥಿ

ಹಾಗಾದರೆ ಪದದ ಕೊನೆಯಲ್ಲಿದ್ದರೆ ಕೊಂಬು, ಎರಡು ವ್ಯಂಜನಗಳ ನಡುವೆ ಇದ್ದರೆ ಹಲಂತ ಎಂದು ನಿಯಮ ಬರೆದು ತಾನಾಗಿಯೇ ತುಂಬಿಸಬಹುದು.

ಕುಷ್ಟಗಿಯ ನಿವೃತ್ತ ಶಿಕ್ಷಕ

ಮಗೂ, ಆ ನಿಯಮ ಹನುಮಂತನ ಹತ್ತಿರ ನಿಲ್ಲುವುದಿಲ್ಲ. ನಮ್ಮ ಕಡೆ ಒಂದೇ ಬೀದಿಯಲ್ಲಿ ಹನುಮಂತಪ್ಪನೂ ಇರುತ್ತಾನೆ, ಹನ್ಮಂತಪ್ಪನೂ ಇರುತ್ತಾನೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ನಾನೇ ಎರಡೂ ಬಗೆಯಲ್ಲಿ ಬರೆದಿದ್ದೇನೆ, ತಂದೆ ಹೇಳಿದಂತೆ.

ಕೃಷ್ಣಾತೀರ, ರಾಯಚೂರು

ಗುರುಗಳು ಸರಿಯಾದ ಜಾಗವನ್ನೇ ಹಿಡಿದರು. ಆ ಎರಡು ರೂಪಗಳಿಗೆ ಇರುವ ವ್ಯತ್ಯಾಸ ಆ ಒಂದೇ ಸಂಕೇತ, ಕಳೆದುಹೋದದ್ದೂ ಅದೇ. ಅಂಥ ಹೆಸರುಗಳನ್ನು ನಿಯಮದಿಂದ ತುಂಬಬೇಡಿ.

ಗಂಗಾವತಿ ಗುಮಾಸ್ತ

ಪಟ್ಟಿಯಲ್ಲಿ `ಹನ�ಮಂತಪ�ಪ` ಎಂಬವರು ಇಬ್ಬರಿದ್ದಾರೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇರುವಂತೆ ಹಾಕಿದರೆ ಸಾಕೇ, ಅಥವಾ ಪಹಣಿಯಲ್ಲಿ ಇರುವಂತೆ ಹಾಕಬೇಕೇ?

ಬಳ್ಳಾರಿ ಡಿಟಿಪಿ

ಪಾಸ್‌ಬುಕ್ಕಿನಲ್ಲಿ ಹೆಸರು ಇಂಗ್ಲಿಷಿನಲ್ಲಿ ಇದ್ದರೆ ಅದರಿಂದ ನಿಮಗೆ ಕನ್ನಡದ ಕಾಗುಣಿತ ಸಿಗುವುದಿಲ್ಲ. ಪಹಣಿ ನೋಡಿ.

ಸಿರುಗುಪ್ಪದ ರೈತ

ಪಹಣಿಯಲ್ಲಿ ಇನ್ನೂ ಅವರ ಅಪ್ಪನ ಹೆಸರೇ ಇದ್ದರೆ? ಸದಸ್ಯತ್ವದ ಅರ್ಜಿಯಲ್ಲಿ ಅವರು ಮಾಡಿರುವ ಸಹಿಯನ್ನು ನೋಡುವುದು ಒಳ್ಳೆಯದು.